ತೆರಿಗೆ ಇಳಿಯಿತು, ಸಾಮೆ ಅಕ್ಕಿ ಯಾಕೆ ಇಳಿಯಲಿಲ್ಲ?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಪ್ಯಾಕೆಟ್ ಚಕ್ಕುಲಿ, ನಿಪ್ಪಟ್ಟು, ಮಿಕ್ಸ್‌ಚರ್‌ನಂಥ ಕುರುಕಲು ತಿಂಡಿಗಳ ತೆರಿಗೆ ಶೇ 12ರಿಂದ 5ಕ್ಕೆ ಬಂತು. ಬಿಸ್ಕೆಟ್ ಶೇ 18ರಿಂದ 5ಕ್ಕೆ ಇಳಿಯಿತು. ಆದರೆ ಅಂಗಡಿಗೆ ಹೋಗಿ ಸಾಮೆ ಅಕ್ಕಿಯ ಪ್ಯಾಕೆಟ್ ತಿರುಗಿಸಿ ನೋಡಿದವರಿಗೆ ಬೆಲೆಯಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಪ್ಯಾಕೆಟ್ ರಾಗಿ ಹಿಟ್ಟಿನದೂ ಅದೇ ಕಥೆ.

ಇದರಲ್ಲಿ ಯಾರೂ ಮೋಸ ಮಾಡಿಲ್ಲ. ಪ್ಯಾಕ್ ಮಾಡಿದ ಧಾನ್ಯ ಮತ್ತು ಹಿಟ್ಟಿಗೆ ಮೊದಲೂ ಶೇ 5 ಇತ್ತು, ಈಗಲೂ ಅಷ್ಟೇ ಇದೆ. ಬಿಡಿಯಾಗಿ ತೂಗಿ ಕೊಟ್ಟರೆ ಸೊನ್ನೆ, ಅದನ್ನೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ 5. ಗೊಂದಲ ಹುಟ್ಟುವುದು ಇಲ್ಲೇ. ಅದೇ ಸಾಮೆ, ಅದೇ ಊರಿನದು, ಲೇಬಲ್ ಅಂಟಿಸಿದ ಮಾತ್ರಕ್ಕೆ ತೆರಿಗೆ ಯಾಕೆ? ಆ ತೆರಿಗೆಯನ್ನೂ ತೆಗೆದರೆ ಬೆಲೆ ನಿಜವಾಗಿ ಇಳಿಯುತ್ತದಾ?

ಮೊದಲನೆಯ ಪ್ರಶ್ನೆಗೆ ಒಂದಿಷ್ಟು ಹಿನ್ನೆಲೆ ಬೇಕು. ಎರಡನೆಯದಕ್ಕೆ ಕೂತು ಲೆಕ್ಕ ಹಾಕಬೇಕು.

ಲೇಬಲ್‌ಗೆ ತೆರಿಗೆ ಬಂದ ಬಗೆ

2022ರ ಜುಲೈ 18ಕ್ಕಿಂತ ಮುಂಚೆ ಧಾನ್ಯ, ಹಿಟ್ಟುಗಳ ಮೇಲಿನ ತೆರಿಗೆ ಬ್ರ್ಯಾಂಡ್ ನೋಡಿ ಬೀಳುತ್ತಿತ್ತು. ನೋಂದಾಯಿತ ಬ್ರ್ಯಾಂಡ್ ಆದರೆ ಶೇ 5, ಇಲ್ಲದಿದ್ದರೆ ಇಲ್ಲ. ಇದರಿಂದ ತಪ್ಪಿಸಿಕೊಳ್ಳಲು ಕೆಲವು ಕಂಪನಿಗಳು 'ಈ ಹೆಸರಿನ ಮೇಲೆ ನಮಗೆ ಹಕ್ಕು ಬೇಡ' ಎಂದು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿ ಮಾರಲು ಶುರು ಮಾಡಿದವು. ಹೆಸರು ಇದ್ದ ಹಾಗೆಯೇ ಇತ್ತು, ತೆರಿಗೆ ಮಾತ್ರ ಮಾಯವಾಯಿತು. ಇದನ್ನು ತಡೆಯಲು ಜಿಎಸ್‌ಟಿ ಮಂಡಳಿ ಅಳತೆಗೋಲನ್ನೇ ಬದಲಿಸಿತು. ಬ್ರ್ಯಾಂಡ್ ಇರಲಿ ಬಿಡಲಿ, ಮೊದಲೇ ತೂಗಿ, ಪ್ಯಾಕ್ ಮಾಡಿ, ಲೇಬಲ್ ಹಚ್ಚಿದ 25 ಕೆ.ಜಿ. ವರೆಗಿನ ಪೊಟ್ಟಣಕ್ಕೆ ಶೇ 5 ಎಂದಿತು. ಆಮೇಲೆ ಮಾರುಕಟ್ಟೆಯಲ್ಲಿ 26 ಕೆ.ಜಿ. ಅಕ್ಕಿ ಮೂಟೆ ಕಾಣಿಸಿಕೊಂಡದ್ದು ಇದೇ ಕಾರಣಕ್ಕೆ!

ಸಿರಿಧಾನ್ಯ ವರ್ಷವಾಗಿದ್ದ 2023ರ ಅಕ್ಟೋಬರ್‌ನಲ್ಲಿ ಮಂಡಳಿ ಇನ್ನೊಂದು ಬದಲಾವಣೆ ಮಾಡಿತು. ತೂಕದಲ್ಲಿ ಕನಿಷ್ಠ ಶೇ 70 ಸಿರಿಧಾನ್ಯ ಇರುವ ಪುಡಿ ರೂಪದ ಆಹಾರವನ್ನು ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ ಶೇ 5 ಎಂದಿತು. ಅದಕ್ಕೂ ಮೊದಲು ಇಂಥ ಮಿಶ್ರಣಗಳನ್ನು ಯಾವ ಸಾಲಿಗೆ ಸೇರಿಸಬೇಕು ಎಂಬುದೇ ತಕರಾರಾಗಿತ್ತು. ಕೆಲವು ಮಿಕ್ಸ್‌ಗಳಿಗೆ ಶೇ 18ರ ಮಾತೂ ಬರುತ್ತಿತ್ತು. ರಾಗಿ ದೋಸೆ ಮಿಕ್ಸ್ ಮಾಡುವವರಿಗೆ ಈ 70ರ ಗೆರೆ ಆಗ ದೊಡ್ಡ ಸಮಾಧಾನ ತಂದಿತ್ತು. 2025ರ ಇಳಿಕೆಯ ನಂತರ ಪೊಟ್ಟಣದ ತಿಂಡಿಗಳಲ್ಲಿ ಬಹುಪಾಲು ಶೇ 5ರ ಒಳಗೇ ಬಂದಿರುವುದರಿಂದ ಸಿರಿಧಾನ್ಯಕ್ಕೆ ಆಗ ಸಿಕ್ಕಿದ್ದ ವಿಶೇಷ ಲಾಭ ಈಗ ಅಷ್ಟಾಗಿ ಉಳಿದಿಲ್ಲ.

ಎರಡು ವಾದಗಳು

ರೈತ ಉತ್ಪಾದಕ ಕಂಪನಿಗಳು ಮತ್ತು ಸ್ವಸಹಾಯ ಸಂಘಗಳ ಪರವಾಗಿ ಮಾತಾಡುವವರ ವಾದ ಸರಳವಾಗಿದೆ. ನಗರದ ಗಿರಾಕಿ ಬಿಡಿ ಧಾನ್ಯ ಕೊಳ್ಳುವುದಿಲ್ಲ, ಪೊಟ್ಟಣವನ್ನೇ ಕೊಳ್ಳುತ್ತಾನೆ. ಹಾಗಾಗಿ ಬಿಡಿಗೆ ಕೊಟ್ಟ ವಿನಾಯಿತಿ ಸಣ್ಣವರಿಗೆ ಉಪಯೋಗಕ್ಕೆ ಬರುವುದಿಲ್ಲ. ಸಿರಿಧಾನ್ಯದ ಪೊಟ್ಟಣಕ್ಕೂ ಸೊನ್ನೆ ಮಾಡಿ ಎನ್ನುತ್ತಾರೆ.

ಎದುರು ವಾದವೂ ಹಗುರವಾದದ್ದಲ್ಲ. ಪೂರ್ತಿ ವಿನಾಯಿತಿ ಕೊಟ್ಟರೆ ತಯಾರಕರು ಕೊಳ್ಳುವ ಪೌಚ್, ಸಾಗಣೆ, ಯಂತ್ರಗಳ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸ್ ಹೊಂದಿಸಿಕೊಳ್ಳಲು ಆಗುವುದಿಲ್ಲ. ಪ್ಲಾಸ್ಟಿಕ್ ಪೌಚ್ ಮೇಲೆ ಈಗಲೂ ಶೇ 18 ಇದೆ. ಮಾರಾಟದ ತೆರಿಗೆ ಸೊನ್ನೆಯಾದರೆ ಈ 18 ಸುಮ್ನೆ ಖರ್ಚಿನೊಳಗೆ ಸೇರಿಕೊಳ್ಳುತ್ತದೆ. ಪೌಚ್ ಅಗ್ಗದ್ದಾದ್ದರಿಂದ ಈ ಮೊತ್ತ ಸಣ್ಣದು ಎನ್ನುವುದು ನಿಜ. ಆದರೂ ಸೊನ್ನೆ ಎಂದ ಕೂಡಲೇ ಬೆಲೆ ಪೂರ್ತಿ 5 ಇಳಿಯುತ್ತದೆ ಎಂದುಕೊಳ್ಳುವಂತಿಲ್ಲ.

ಎರಡೂ ಕಡೆಯವರು ಒಂದು ವಿಷಯವನ್ನು ಮಾತ್ರ ತಡಕುವುದಿಲ್ಲ. ಒಂದು ಕಿಲೋ ಸಾಮೆ ಅಕ್ಕಿಯ ಬೆಲೆಯಲ್ಲಿ ತೆರಿಗೆಯ ಪಾಲು ಎಷ್ಟು?

ಒಂದು ಕ್ವಿಂಟಲ್ ಸಾಮೆಯ ಜೊತೆ ಹೋಗೋಣ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಕಡೆ ಸಾಮೆ ಬೆಳೆಯುತ್ತಾರೆ. ಅಲ್ಲಿನ ಒಂದು ಮಹಿಳಾ ಸಂಘ ರೈತರಿಂದ ಒಂದು ಕ್ವಿಂಟಲ್ ಸಾಮೆ ಕೊಂಡು, ಅಕ್ಕಿ ಮಾಡಿಸಿ, ಅರ್ಧ ಕಿಲೋ ಪ್ಯಾಕೆಟ್‌ನಲ್ಲಿ ಬೆಂಗಳೂರಿಗೆ ಕಳಿಸುತ್ತದೆ ಎಂದುಕೊಳ್ಳಿ. ಇಲ್ಲಿನ ಅಂಕಿಗಳೆಲ್ಲ ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ದರ ಊರಿಂದ ಊರಿಗೆ, ಸುಗ್ಗಿಯಿಂದ ಸುಗ್ಗಿಗೆ ಬದಲಾಗುತ್ತದೆ. ಲೆಕ್ಕದ ಆಕಾರ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ.

ರೈತನಿಗೆ ಕಿಲೋಗೆ 35 ರೂಪಾಯಿ ಕೊಟ್ಟರು. ಕ್ವಿಂಟಲ್‌ಗೆ 3,500. ಮಿಲ್ಲಿಗೆ ಸಾಗಿಸಲು, ಹಮಾಲಿಗೆ 200. ಸಿಪ್ಪೆ ಬಿಡಿಸಲು ಕಿಲೋಗೆ 5ರಂತೆ 500. ಅಲ್ಲಿಗೆ 4,200 ಆಯಿತು.

ಮಿಲ್ಲಿನಿಂದ ವಾಪಸ್ ಬರುವುದು ನೂರು ಕಿಲೋ ಅಲ್ಲ. ಮೊದಲು ಮಣ್ಣು, ಕಲ್ಲು, ಜೊಳ್ಳು ಹೋಗುತ್ತದೆ. ಆಮೇಲೆ ಸಿಪ್ಪೆ. ಅದರ ಜೊತೆ ಸ್ವಲ್ಪ ತೌಡು. ಕೊನೆಗೆ ಕೈಗೆ ಸಿಗುವ ಇಡೀ ಅಕ್ಕಿ 60 ಕಿಲೋ, ನುಚ್ಚು 6 ಕಿಲೋ. ನುಚ್ಚನ್ನು ಕಿಲೋಗೆ 30ರಂತೆ ಮಾರಿ 180 ರೂಪಾಯಿ ವಾಪಸ್ ಬಂತು ಎನ್ನಿ. ಉಳಿದ 4,020 ರೂಪಾಯಿಯನ್ನು 60 ಕಿಲೋ ಅಕ್ಕಿ ಹೊರಬೇಕು. ಕಿಲೋಗೆ 67.

ಪ್ಯಾಕೆಟ್ ಇನ್ನೂ ಕಣ್ಣಿಗೇ ಬಿದ್ದಿಲ್ಲ, 35 ರೂಪಾಯಿಯ ಧಾನ್ಯ ಆಗಲೇ 67 ಆಗಿದೆ. 'ರೈತನಿಂದ 35ಕ್ಕೆ ಕೊಂಡು ನಮಗೆ 160ಕ್ಕೆ ಮಾರುತ್ತಾರೆ' ಎಂಬ ಸಿಟ್ಟಿನ ಮಾತು ತಪ್ಪುವುದು ಇಲ್ಲಿ. ಹೋಲಿಸಬೇಕಾದದ್ದು ಕಿಲೋ ಸಾಮೆಯನ್ನಲ್ಲ, ಒಂದು ಕಿಲೋ ಅಕ್ಕಿಗೆ ಬೇಕಾದ 1.67 ಕಿಲೋ ಸಾಮೆಯನ್ನು. ಅದಕ್ಕೆ ರೈತನ ಕೈಗೆ ಹೋದದ್ದು 58 ರೂಪಾಯಿ.

ಈಗ ಪೊಟ್ಟಣ. ಕಲ್ಲು ಆರಿಸುವ ಕೂಲಿ ಕಿಲೋಗೆ 3. ಅರ್ಧ ಕಿಲೋ ಪೌಚ್ 5, ಲೇಬಲ್ ಒಂದೂವರೆ, ತುಂಬಿ ಸೀಲ್ ಮಾಡುವ ಕೂಲಿ 2, ರಟ್ಟಿನ ಪೆಟ್ಟಿಗೆಯ ಪಾಲು ಒಂದೂವರೆ. ಒಟ್ಟು ಪ್ಯಾಕೆಟ್‌ಗೆ 10, ಕಿಲೋಗೆ 20. ಅಲ್ಲಿಗೆ 90. ಬೆಂಗಳೂರಿಗೆ ಸಾಗಣೆ 5. ಹುಳ ಬಿದ್ದು, ಒಡೆದು, ಅವಧಿ ಮುಗಿದು ವಾಪಸ್ ಬರುವ ಮಾಲಿಗೆ ಇನ್ನೊಂದು 5. ಈಗ ಸರಿಯಾಗಿ 100. ಸಂಘಕ್ಕೆ 12 ರೂಪಾಯಿ ಉಳಿಯಬೇಕು. 112.

ಇದರ ಮೇಲೆ, ತೆರಿಗೆ ಕಳೆದ ಎಂಆರ್‌ಪಿಯಲ್ಲಿ ವಿತರಕ ಶೇ 8, ಅಂಗಡಿ ಶೇ 20 ಕೇಳುತ್ತದೆ ಎಂದಿಟ್ಟುಕೊಂಡರೆ ಎಂಆರ್‌ಪಿ ಕಿಲೋಗೆ 164ರ ಹತ್ತಿರ ಬರುತ್ತದೆ. ಅರ್ಧ ಕಿಲೋಗೆ 82. ಇದರಲ್ಲಿ ಎಲ್ಲ ಹಂತಗಳ ಜಿಎಸ್‌ಟಿ ಸೇರಿ ಸುಮಾರು 8 ರೂಪಾಯಿ. ವಿತರಕ ಮತ್ತು ಅಂಗಡಿಯ ಪಾಲು ಸುಮಾರು 44.

ನಾಳೆಯೇ ತೆರಿಗೆ ಸೊನ್ನೆಯಾದರೂ, ಆ ಇಳಿಕೆಯನ್ನು ಎಲ್ಲರೂ ಪ್ರಾಮಾಣಿಕವಾಗಿ ದಾಟಿಸಿದರೂ, 82ರ ಪ್ಯಾಕೆಟ್ 78ಕ್ಕೆ ಬರುತ್ತದೆ. ಅಷ್ಟೇ.

ರಾಗಿಗೆ ಈ ತಾಪತ್ರಯ ಯಾಕಿಲ್ಲ

ಇದೇ ಸಂಘ ರಾಗಿ ಹಿಟ್ಟು ಮಾಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆ ಇವೆಲ್ಲ ಭತ್ತದ ಹಾಗೆ. ಕಾಳಿಗೆ ಗಟ್ಟಿ ಸಿಪ್ಪೆ ಅಂಟಿಕೊಂಡಿರುತ್ತದೆ. ರಾಗಿಗೆ ಅಂಥ ಸಿಪ್ಪೆ ಇಲ್ಲ. ಒಕ್ಕಣೆಯಾದ ಮೇಲೆ ಕಲ್ಲು, ಧೂಳು ತೆಗೆದು ಸ್ವಚ್ಛ ಮಾಡಿದರೆ ನೇರ ಗಿರಣಿಗೆ ಹೋಗಬಹುದು. ನೂರು ಕಿಲೋ ರಾಗಿಯಲ್ಲಿ ತೊಂಬತ್ತಕ್ಕೂ ಜಾಸ್ತಿ ಕಿಲೋ ಹಿಟ್ಟು ಸಿಗುತ್ತದೆ.

ಇನ್ನೊಂದು ವ್ಯತ್ಯಾಸ ಬೆಂಬಲ ಬೆಲೆ. 2025-26ರ ಮುಂಗಾರಿಗೆ ಕೇಂದ್ರ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ ನಿಗದಿ ಮಾಡಿತು. ಹಿಂದಿನ ವರ್ಷ ಅದು 4,290 ಇತ್ತು. ಜೋಳ, ಸಜ್ಜೆಗೂ ಬೆಂಬಲ ಬೆಲೆ ಇದೆ. ಸಾಮೆ, ನವಣೆಯಂಥ ಕಿರುಧಾನ್ಯಗಳಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ರಾಜ್ಯ ಸರ್ಕಾರದ ರೈತಸಿರಿ ಯೋಜನೆಯಲ್ಲಿ ಇವನ್ನು ಬೆಳೆದವರಿಗೆ ಹೆಕ್ಟೇರ್‌ಗೆ 10,000 ರೂಪಾಯಿ ಪ್ರೋತ್ಸಾಹಧನ ಇದೆ. ಅದು ಬಿತ್ತನೆಗೆ ನೆರವಾಗುತ್ತದೆ. ಕೊಯ್ಲಾದ ಮೇಲೆ ದರ ಕುಸಿದರೆ ತಡೆಯಲು ಅದರ ಕೈಯಲ್ಲಿ ಆಗುವುದಿಲ್ಲ.

ಪೊಟ್ಟಣ ಮಾಡುವವರಿಗೆ ಇದರಿಂದ ಏನಾಗುತ್ತದೆ ಎಂದರೆ, ರಾಗಿಯಲ್ಲಿ ಕಚ್ಚಾ ಮಾಲಿನ ದರ ಸ್ವಲ್ಪ ಮಟ್ಟಿಗೆ ಮುಂಚೆಯೇ ಗೊತ್ತಿರುತ್ತದೆ, ಆದರೆ ಲಾಭ ತೆಳು. ಊರೂರಿನ ಗಿರಣಿಯೂ ಅವರ ಪೈಪೋಟಿಗಾರನೇ. ರಾಗಿ ಕೊಂಡು ಕಣ್ಣೆದುರೇ ಬೀಸಿಸಿಕೊಳ್ಳುವ ಗಿರಾಕಿಗೆ ಪೊಟ್ಟಣದ ಹಂಗೇ ಇಲ್ಲ. ಸಾಮೆಯನ್ನು ಮನೆಯಲ್ಲಿ ಸಿಪ್ಪೆ ಬಿಡಿಸಿಕೊಳ್ಳುವ ಕಾಲ ಮುಗಿಯಿತು, ಹಾಗಾಗಿ ಅಲ್ಲಿ ಲಾಭಕ್ಕೆ ಜಾಗ ಇದೆ. ಅಪಾಯವೂ ಅಷ್ಟೇ ಇದೆ.

ಪೌಚ್ ಅಂದಕ್ಕಲ್ಲ

ಮೇಲಿನ ಲೆಕ್ಕದಲ್ಲಿ ವಾಪಸ್ ಮಾಲಿಗೆ 5 ರೂಪಾಯಿ ಇಟ್ಟಿದ್ದೆವು. ಹೊಸದಾಗಿ ಶುರು ಮಾಡಿದವರಿಗೆ ಅದು ಸಾಲದು. ಅಂಗಡಿಯವರು ಹೊಸ ಹೆಸರಿನ ಮಾಲನ್ನು ಸಾಮಾನ್ಯವಾಗಿ 'ಮಾರಿದ ಮೇಲೆ ದುಡ್ಡು' ಎಂಬ ಮಾತಿನ ಮೇಲೆ ಇಟ್ಟುಕೊಳ್ಳುತ್ತಾರೆ. ಹುಳ ಕಂಡರೆ ಪ್ಯಾಕೆಟ್ ಮಾತ್ರ ವಾಪಸ್ ಬರುವುದಿಲ್ಲ, ಕಪಾಟಿನಲ್ಲಿದ್ದ ಜಾಗವೂ ಹೋಗುತ್ತದೆ.

ಸಿರಿಧಾನ್ಯದ ಪ್ಯಾಕಿಂಗ್ ಅಕ್ಕಿ, ಗೋಧಿಯ ಪ್ಯಾಕಿಂಗ್‌ಗಿಂತ ಕಷ್ಟ. ಕಾರಣ ಅದರ ಎಣ್ಣೆ ಅಂಶ. ಪಾಲಿಶ್ ಮಾಡದ ಸಾಮೆ, ನವಣೆಯ ಹೊರಪದರದಲ್ಲಿ ಕೊಬ್ಬು ಇರುತ್ತದೆ. ಸಿಪ್ಪೆ ಇರುವ ತನಕ ಧಾನ್ಯ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲದ ಧಾನ್ಯ ಎನ್ನಿಸಿಕೊಂಡದ್ದೇ ಈ ಗುಣದಿಂದ. ಸಿಪ್ಪೆ ಬಿಡಿಸಿದ ದಿನದಿಂದ ಆ ಕೊಬ್ಬಿಗೆ ಗಾಳಿ ತಾಗುತ್ತದೆ. ಹಿಟ್ಟು ಮಾಡಿದರೆ ಇನ್ನೂ ಜಾಸ್ತಿ ತಾಗುತ್ತದೆ. ಸಜ್ಜೆ ಹಿಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ಬೀಸಿದ ಕೆಲವೇ ದಿನಗಳಲ್ಲಿ ಕಹಿ ತಿರುಗಲು ಶುರುವಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಸಜ್ಜೆಯನ್ನು ಬೇಕಾದಷ್ಟೇ ಬೀಸಿಸುವುದು ಸುಮ್ನೆ ಅಲ್ಲ. ರಾಗಿಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಅದರ ಹಿಟ್ಟು ಹೆಚ್ಚು ದಿನ ತಾಳುತ್ತದೆ.

ಇದರಿಂದ ಮೊದಲ ತೀರ್ಮಾನ ಹೊರಡುತ್ತದೆ. ದಾಸ್ತಾನನ್ನು ಸಿಪ್ಪೆಯ ಸಮೇತ ಇಡಬೇಕು, ಆರ್ಡರ್ ನೋಡಿಕೊಂಡು ಸಿಪ್ಪೆ ಬಿಡಿಸಬೇಕು. ಸುಗ್ಗಿಯಲ್ಲಿ ಹತ್ತು ಕ್ವಿಂಟಲ್ ಒಟ್ಟಿಗೇ ಅಕ್ಕಿ ಮಾಡಿಸಿ ಪೊಟ್ಟಣ ಕಟ್ಟಿಟ್ಟ ಸಂಘ ಮೂರು ತಿಂಗಳ ನಂತರ ಅದನ್ನೇ ಕೋಳಿ ಮೇವಿಗೆ ಮಾರಬೇಕಾಗಬಹುದು. ಸಣ್ಣ ಬ್ಯಾಚ್ ಮಾಡಿಸಿದರೆ ಮಿಲ್ಲಿನವರು ಗೊಣಗುತ್ತಾರೆ, ಸಾಗಣೆ ಖರ್ಚೂ ಏರುತ್ತದೆ. ಆದರೂ ವಾಪಸ್ ಬರುವ ಮಾಲಿನ ಖರ್ಚಿಗಿಂತ ಅದು ಕಡಿಮೆ.

ಎರಡನೆಯದು ಪೌಚ್‌ನ ಆಯ್ಕೆ. ತೆಳು ಪಾಲಿಥಿನ್ ಕವರ್ ಒಂದು ರೂಪಾಯಿಯ ಒಳಗೆ ಸಿಗಬಹುದು. ಆದರೆ ಅದು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಪಾಲಿಯೆಸ್ಟರ್ ಮತ್ತು ಪಾಲಿಥಿನ್ ಪದರ ಸೇರಿಸಿದ ಲ್ಯಾಮಿನೇಟೆಡ್ ಪೌಚ್ ಅದಕ್ಕಿಂತ ಮೇಲು. ಹುರಿದ, ಕರಿದ ತಿಂಡಿಗೆ ಒಳಗೆ ಬೆಳ್ಳಿ ಬಣ್ಣದ ಪದರ ಇರುವುದೇ ಬೇಕು, ಯಾಕೆಂದರೆ ಎಣ್ಣೆಯನ್ನು ಬೆಳಕೂ ಕೆಡಿಸುತ್ತದೆ. ಕಂದು ಕಾಗದದ, ಮಧ್ಯೆ ಕಿಟಕಿ ಇರುವ ಪೌಚ್ ಈಗ ಸಿರಿಧಾನ್ಯದ ಸಮವಸ್ತ್ರದಂತೆ ಆಗಿದೆ. ನೋಡಲು ಹಳ್ಳಿಯದು ಅನ್ನಿಸುತ್ತದೆ ನಿಜ. ಆದರೆ ಆ ಕಿಟಕಿಯೊಳಗೆ ಬೀಳುವ ಅಂಗಡಿಯ ಟ್ಯೂಬ್‌ಲೈಟ್ ಬೆಳಕೇ ನವಣೆ ಚಕ್ಕುಲಿಯ ಎಣ್ಣೆಗೆ ಶತ್ರು. ಅಕ್ಕಿ, ರವೆಗೆ ಕಿಟಕಿ ಇದ್ದರೆ ಅಷ್ಟು ತೊಂದರೆ ಇಲ್ಲ.

ಪೌಚ್ ಎಷ್ಟೇ ಒಳ್ಳೆಯದಾದರೂ ಸೀಲ್ ಸರಿಯಿಲ್ಲದಿದ್ದರೆ ವ್ಯರ್ಥ. ಪ್ರತಿ ಬ್ಯಾಚಿನಿಂದ ಒಂದೆರಡು ಪ್ಯಾಕೆಟ್ ತೆಗೆದು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿದರೆ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ. ಬಹಳ ಸಲ ತಪ್ಪು ಸೀಲಿಂಗ್ ಯಂತ್ರದ್ದಲ್ಲ, ಬಾಯಿಯ ಅಂಚಿಗೆ ಅಂಟಿಕೊಂಡ ಹಿಟ್ಟಿನದು. ಹಿಟ್ಟಿನ ಧೂಳಿನ ಮೇಲೆ ಸೀಲ್ ಕೂರುವುದಿಲ್ಲ. ಒಳಗಿನ ಮಾಲು ಕೆಟ್ಟಿದೆಯೋ ಎಂದು ನೋಡಲು ಅಂಗೈಯಲ್ಲಿ ಚಿಟಿಕೆ ಹಿಟ್ಟು ಉಜ್ಜಿ ಮೂಸಿದರೆ ಸಾಕು. ಹಳೇ ಎಣ್ಣೆಯ, ಬಣ್ಣದ ಡಬ್ಬಿಯಂಥ ವಾಸನೆ ಬಂದರೆ ಅವಧಿ ಎಷ್ಟೇ ಉಳಿದಿರಲಿ, ಅದು ಕೆಟ್ಟ ಮಾಲು.

ಮಿಕ್ಸ್ ಕಡೆಗೆ ಎಲ್ಲರೂ ವಾಲುವುದೇಕೆ

ಅಂಗಡಿಯಲ್ಲಿ ಗಿರಾಕಿ ಸಾಮೆ ಅಕ್ಕಿಯ ಬೆಲೆಯನ್ನು ಸೋನಾ ಮಸೂರಿಗೆ ಹೋಲಿಸುತ್ತಾನೆ. ಅಲ್ಲಿ ಸಾಮೆ ಯಾವಾಗಲೂ ಸೋಲುತ್ತದೆ. ಅದೇ ಸಾಮೆಗೆ ಹೆಸರುಬೇಳೆ, ಮೆಣಸು, ಜೀರಿಗೆ ಸೇರಿಸಿ ಪೊಂಗಲ್ ಮಿಕ್ಸ್ ಎಂದು 200 ಗ್ರಾಂ ಪ್ಯಾಕೆಟ್ 70 ರೂಪಾಯಿಗೆ ಇಟ್ಟರೆ ಆತ ಹೋಟೆಲಿನ ಒಂದು ಪ್ಲೇಟ್ ಪೊಂಗಲ್‌ಗೆ ಹೋಲಿಸುತ್ತಾನೆ. ಕಿಲೋಗೆ 350 ಆಯಿತು ಎಂದು ಯಾರೂ ಗುಣಿಸಿ ನೋಡುವುದಿಲ್ಲ. ಮಿಲ್ಲಿನಲ್ಲಿ ಅಗ್ಗಕ್ಕೆ ಹೋಗುತ್ತಿದ್ದ ನುಚ್ಚಿಗೂ ಇಲ್ಲಿ ಕೆಲಸ ಸಿಗುತ್ತದೆ. ಉಪ್ಪಿಟ್ಟಿನ ಮಿಕ್ಸ್‌ಗೆ ನುಚ್ಚೇ ಬೇಕು. 30 ರೂಪಾಯಿಯ ನುಚ್ಚು ರವೆಯಾಗಿ ಬೆಲೆ ಏರಿಸಿಕೊಂಡರೆ ಇಡೀ ಅಕ್ಕಿಯ ಮೇಲಿನ ಹೊರೆಯೂ ಇಳಿಯುತ್ತದೆ.

ಆದರೆ ಮಿಕ್ಸ್ ಆದ ಕೂಡಲೇ ಒಳಗೆ ಏನು ಎಷ್ಟಿದೆ ಎಂಬ ಪ್ರಶ್ನೆ ಬರುತ್ತದೆ. ಮುಂದೆ ದಪ್ಪಕ್ಷರದಲ್ಲಿ ರಾಗಿ, ಹಿಂದೆ ಸಣ್ಣಕ್ಷರದಲ್ಲಿ ಮೊದಲ ಹೆಸರು ಮೈದಾ. ಇದು ಅಪರೂಪವೇನಲ್ಲ. ಆಹಾರ ಸುರಕ್ಷತೆಯ ನಿಯಮದಂತೆ ಪದಾರ್ಥಗಳನ್ನು ಜಾಸ್ತಿಯಿಂದ ಕಡಿಮೆಗೆ ಎಂಬ ಕ್ರಮದಲ್ಲಿ ಬರೆಯಬೇಕು. ಲೇಬಲ್ ಮೇಲೆ ಯಾವ ಪದಾರ್ಥವನ್ನು ಎತ್ತಿ ತೋರಿಸುತ್ತಾರೋ ಅದರ ಶೇಕಡಾ ಪ್ರಮಾಣವನ್ನೂ ಹೇಳಬೇಕು. ಶೇ 80 ಸಾಮೆ ಹಾಕುವ ಸಂಘಕ್ಕೆ ಈ ನಿಯಮ ಭಾರವಲ್ಲ. ಆ ಅಂಕಿಯನ್ನು ಮುಂದಿನ ಪುಟದಲ್ಲೇ ದೊಡ್ಡದಾಗಿ ಹಾಕಿದರೆ, ಶೇ 15 ಹಾಕುವವರಿಗೆ ಅದನ್ನು ಅನುಕರಿಸಲು ಆಗುವುದಿಲ್ಲ.

ಜೊತೆಗೆ ಒಂದು ಗ್ರಾಂಗೆ ಎಷ್ಟು ರೂಪಾಯಿ ಎಂಬ ಬಿಡಿ ದರವೂ ಈಗ ಪ್ಯಾಕೆಟ್ ಮೇಲೆ ಇರಬೇಕು. ಎಂಆರ್‌ಪಿಯ ಪಕ್ಕದಲ್ಲೇ ಇರುತ್ತದೆ, ಓದುವವರು ಕಡಿಮೆ.

40 ಲಕ್ಷದ ಗೆರೆ ಮತ್ತು ಸಣ್ಣವರ ಲೆಕ್ಕ

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಹೋದಾಗ ಎಲ್ಲರ ಬಾಯಲ್ಲೂ 40 ಲಕ್ಷದ ಮಾತಿತ್ತು. ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಡ. ನಮ್ಮ ಸಂಘ ಕಿಲೋಗೆ 112ರಂತೆ ಮಾರಿದರೆ ತಿಂಗಳಿಗೆ 3 ಟನ್‌ಗಿಂತ ಸ್ವಲ್ಪ ಕಡಿಮೆ ಮಾರುವ ತನಕ ಈ ಗೆರೆಯ ಒಳಗೇ ಇರುತ್ತದೆ.

ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರಿದರೆ ವಹಿವಾಟು ಎಷ್ಟಾದರೂ ನೋಂದಣಿ ಬೇಕಿಲ್ಲ. ಇಲ್ಲೊಂದು ಗುಂಡಿ ಇದೆ. ಒಂದು ಸಂಘ ಬಿಡಿ ರಾಗಿಯನ್ನೇ 35 ಲಕ್ಷಕ್ಕೆ ಮಾರುತ್ತದೆ, ಜೊತೆಗೆ 6 ಲಕ್ಷದ ಪೊಟ್ಟಣದ ಮಿಕ್ಸ್ ಮಾರುತ್ತದೆ ಎನ್ನಿ. ತೆರಿಗೆ ಬೀಳುವುದು 6 ಲಕ್ಷಕ್ಕೆ ಮಾತ್ರ. ಆದರೆ ಗೆರೆ ದಾಟಿದೆಯೇ ಎಂದು ನೋಡುವಾಗ ಎರಡನ್ನೂ ಕೂಡಿಸುತ್ತಾರೆ. 41 ಲಕ್ಷ. ನೋಂದಣಿ ಮಾಡಿಸಲೇಬೇಕು. ಮಿಕ್ಸ್ ಶುರು ಮಾಡಿದ ಮೊದಲ ವರ್ಷವೇ ಸಂಘಗಳು ಎಡವುವುದು ಇಲ್ಲಿ.

ಮಾಲು ರಾಜ್ಯದ ಗಡಿ ದಾಟಿದರೆ ಲೆಕ್ಕ ಮತ್ತೆ ಬೇರೆ. ಮುಂಬೈನಲ್ಲೋ ಹೈದರಾಬಾದ್‌ನಲ್ಲೋ ಇರುವ ಕನ್ನಡಿಗರಿಗೆ ಸಾಮೆ ಕೊರಿಯರ್ ಮಾಡಿ ಮಾರಬೇಕಾದರೆ, ಆ ಪೊಟ್ಟಣಕ್ಕೆ ತೆರಿಗೆ ಇರುವುದರಿಂದ, ವಹಿವಾಟು ಸಣ್ಣದಿದ್ದರೂ ನೋಂದಣಿ ಬೇಕು. ರಾಜ್ಯದ ಒಳಗೆ ಆನ್‌ಲೈನ್ ವೇದಿಕೆಗಳ ಮೂಲಕ ಮಾರಲು 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಸಡಿಲಿಕೆ ಸಿಕ್ಕಿದೆ.

2025ರ ಇಳಿಕೆಯ ನಿಜವಾದ ಪೆಟ್ಟು ಕಾಣುವುದು ಕುರುಕಲು ತಿಂಡಿಯಲ್ಲಿ. ಮೊದಲು ದೊಡ್ಡ ಕಂಪನಿಯ ರಾಗಿ ಚಕ್ಕುಲಿಗೆ ಶೇ 12 ತೆರಿಗೆ ಇದ್ದಾಗ, ನೋಂದಣಿ ಇಲ್ಲದೆ ವಾರದ ಸಂತೆಯಲ್ಲಿ ನೇರ ಮಾರುವ ಸಂಘಕ್ಕೆ ಅಷ್ಟು ಅಂತರ ತಾನಾಗಿ ಸಿಗುತ್ತಿತ್ತು. ಈಗ ಅದು 5ಕ್ಕೆ ಕುಗ್ಗಿದೆ. ಗಿರಾಕಿಗೆ ಇದು ಒಳ್ಳೆಯದೇ. ಎಣ್ಣೆ, ಪೌಚ್, ಯಂತ್ರ ಎಲ್ಲವನ್ನೂ ಸಗಟಿನಲ್ಲಿ ಕೊಳ್ಳುವ ಕಂಪನಿಯ ಎದುರು ಬೆಲೆಯಲ್ಲಿ ನಿಲ್ಲುವುದು ಸಂಘಕ್ಕೆ ಮಾತ್ರ ಇನ್ನೂ ಕಷ್ಟವಾಗುತ್ತದೆ.

ಮಧ್ಯವರ್ತಿಯನ್ನು ತೆಗೆದರೆ?

164ರಲ್ಲಿ 44 ರೂಪಾಯಿ ವಿತರಕ, ಅಂಗಡಿಗೆ ಹೋಗುತ್ತದೆ ಎಂದಾಗ ಯಾರಿಗಾದರೂ ಹೊಳೆಯುವ ದಾರಿ ನೇರ ಮಾರಾಟ. ಅದನ್ನೂ ತೂಗಿ ನೋಡೋಣ. ಸಂಘದ ಇಬ್ಬರು ಹೊಸದುರ್ಗದಿಂದ ಬೆಂಗಳೂರಿನ ಭಾನುವಾರದ ಸಂತೆಗೆ ಮಾಲು ತಂದರೆ ಬಾಡಿಗೆ ವಾಹನದ ಪಾಲು, ಊಟ, ಮಳಿಗೆ ಶುಲ್ಕ, ಇಬ್ಬರ ದಿನಗೂಲಿ ಸೇರಿ 3,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಕಿಲೋಗೆ 44 ಉಳಿಸಲು ಹೋದವರು ಆ ದಿನ ಸುಮಾರು 68 ಕಿಲೋ ಮಾರಿದರೆ ಖರ್ಚಿಗೆ ಖರ್ಚು ಸರಿಹೋಗುತ್ತದೆ. ಅರ್ಧ ಕಿಲೋ ಪ್ಯಾಕೆಟ್ ಲೆಕ್ಕದಲ್ಲಿ 136. ಅದಕ್ಕಿಂತ ಕಡಿಮೆ ಮಾರಿದರೆ ಅಂಗಡಿಯವನೇ ಅಗ್ಗ.

ಬಹಳ ಸಂಘಗಳು ಈ ಲೆಕ್ಕದಲ್ಲಿ ತಮ್ಮ ಕೂಲಿಯನ್ನು ಹಿಡಿಯುವುದೇ ಇಲ್ಲ. ಹಾಗಾಗಿ ಲಾಭ ಬಂದಂತೆ ಕಾಣುತ್ತದೆ. ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಅಪಾರ್ಟ್‌ಮೆಂಟ್‌ಗಳಿಂದ ತಿಂಗಳಿಗೊಮ್ಮೆ ಒಟ್ಟಿಗೇ ಆರ್ಡರ್ ತೆಗೆದುಕೊಳ್ಳುವ ಪದ್ಧತಿ ಇದಕ್ಕಿಂತ ವಾಸಿ. ಎಷ್ಟು ಬೇಕು ಎಂದು ಮೊದಲೇ ಗೊತ್ತಿರುತ್ತದೆ, ಅಷ್ಟೇ ಸಿಪ್ಪೆ ಬಿಡಿಸಬಹುದು, ವಾಪಸ್ ಮಾಲಿನ ಭಯ ಇಲ್ಲ. ಅರ್ಧ ಕಿಲೋ ಬದಲು 2 ಕಿಲೋ ಚೀಲ ಕೊಟ್ಟರೆ ಪ್ಯಾಕಿಂಗ್ ಖರ್ಚು ಕಿಲೋಗೆ 20ರಿಂದ 7, 8ಕ್ಕೆ ಇಳಿಯುತ್ತದೆ. ಆದರೆ ತಿಂಗಳಲ್ಲಿ ಮೂರು ಸಲ ಮಾತ್ರ ಸಾಮೆ ಅನ್ನ ಮಾಡುವ ಮನೆಗೆ 2 ಕಿಲೋ ಜಾಸ್ತಿಯೇ. ಡಬ್ಬಿಯಲ್ಲಿ ಉಳಿದು ಹುಳ ಬಿದ್ದರೆ ಬೈಗುಳ ಬರುವುದು ಸಂಘಕ್ಕೆ.

ಬೆಲೆ ಇಳಿಯುವುದಾದರೆ ಎಲ್ಲಿಂದ

ಮತ್ತೆ ಮಿಲ್ಲಿಗೇ ಹೋಗಬೇಕು. ನೂರು ಕಿಲೋ ಸಾಮೆಯಲ್ಲಿ 60 ಕಿಲೋ ಅಕ್ಕಿ ಸಿಕ್ಕಿತು ಎಂದೆವಲ್ಲ, ಆ 60 ದೇವರು ಬರೆದಿಟ್ಟ ಅಂಕಿಯಲ್ಲ. ಧಾನ್ಯ ಸರಿಯಾಗಿ ಒಣಗಿಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ, ಮತ್ತೆ ಮತ್ತೆ ಯಂತ್ರಕ್ಕೆ ಹಾಕಿದಾಗ ಕಾಳು ಒಡೆಯುತ್ತದೆ. ಅತಿಯಾಗಿ ಒಣಗಿದ್ದರೂ ನುಚ್ಚಾಗುತ್ತದೆ. ದಪ್ಪ ಕಾಳು, ಸಣ್ಣ ಕಾಳು ಬೆರೆತಿದ್ದರೆ ದಪ್ಪದಕ್ಕೆ ಹೊಂದಿಸಿದ ಯಂತ್ರದಲ್ಲಿ ಸಣ್ಣದು ಸಿಪ್ಪೆಯ ಸಮೇತ ಹೊರಬರುತ್ತದೆ. ಹಾಗಾಗಿ ಸಿಪ್ಪೆ ಬಿಡಿಸುವ ಮೊದಲು ಗಾತ್ರ ನೋಡಿ ಜರಡಿ ಹಿಡಿಯುವ ಯಂತ್ರ, ಕಲ್ಲು ಬೇರ್ಪಡಿಸುವ ಡೀಸ್ಟೋನರ್ ಎರಡೂ ಬೇಕು. ರಸ್ತೆಯ ಮೇಲೆ ಒಕ್ಕಣೆ ಮಾಡಿದ ಸಾಮೆಯಲ್ಲಿ ಕಾಳಿನ ಗಾತ್ರದ್ದೇ ಕಲ್ಲು ಸೇರಿರುತ್ತದೆ, ಜರಡಿಗೆ ಅದು ಸಿಗುವುದಿಲ್ಲ. ಟಾರ್ಪಾಲಿನ ಮೇಲೆ ಒಕ್ಕಿದ ರೈತನಿಗೆ ಕಿಲೋಗೆ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಸಂಘಕ್ಕೆ ನಷ್ಟವಿಲ್ಲ, ಆರಿಸುವ ಕೂಲಿಯಲ್ಲಿ ಅದು ಉಳಿಯುತ್ತದೆ.

ಇಷ್ಟೆಲ್ಲ ಸರಿ ಮಾಡಿ 60ರ ಬದಲು 68 ಕಿಲೋ ಅಕ್ಕಿ ತೆಗೆದರು ಎನ್ನಿ, ನುಚ್ಚು 4 ಕಿಲೋಗೆ ಇಳಿಯಿತು. ಆಗ 4,200ರಲ್ಲಿ ನುಚ್ಚಿನ 120 ಕಳೆದು ಉಳಿದ 4,080 ಅನ್ನು 68 ಕಿಲೋ ಹೊರುತ್ತದೆ. ಕಿಲೋಗೆ 60. ಮೊದಲು 67 ಇತ್ತು. ಈ 7 ರೂಪಾಯಿಯ ಇಳಿಕೆ ವಿತರಕ, ಅಂಗಡಿಯ ಶೇಕಡಾವಾರು ಪಾಲನ್ನೂ ಇಳಿಸುತ್ತಾ ಹೋಗಿ ಎಂಆರ್‌ಪಿಯಲ್ಲಿ ಸುಮಾರು 10 ರೂಪಾಯಿ ಆಗುತ್ತದೆ. ತೆರಿಗೆಯನ್ನು ಪೂರ್ತಿ ತೆಗೆದರೆ ಸಿಗುವ 8ಕ್ಕಿಂತ ಇದೇ ಜಾಸ್ತಿ, ಅದೂ ರೈತನ 35 ರೂಪಾಯಿಗೆ ಕೈ ಹಾಕದೆ.

ಇಂಥ ಯಂತ್ರಗಳ ಸಾಲು ಹಾಕಲು ಕಿರು ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆ ಇದೆ. ಕೇಂದ್ರದ ಶೇ 35ಕ್ಕೆ ರಾಜ್ಯದ ಶೇ 15 ಸೇರಿ ಯಂತ್ರದ ವೆಚ್ಚದ ಅರ್ಧದಷ್ಟು, 15 ಲಕ್ಷ ರೂಪಾಯಿ ವರೆಗೆ, ಸಹಾಯಧನ ಸಿಗುತ್ತದೆ. ಕರ್ನಾಟಕದಲ್ಲಿ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್ ಇದನ್ನು ನೋಡಿಕೊಳ್ಳುತ್ತದೆ. ಇದು ಸಾಲಕ್ಕೆ ಜೋಡಿಸಿದ ಸಹಾಯಧನವಾದ್ದರಿಂದ ಯಂತ್ರ ವರ್ಷದಲ್ಲಿ ಎಷ್ಟು ದಿನ ಓಡುತ್ತದೆ ಎಂಬುದೇ ಮುಖ್ಯ. ಒಂದು ಸಂಘದ ಸಾಮೆ ಅದನ್ನು ಎರಡು ತಿಂಗಳೂ ಓಡಿಸುವುದಿಲ್ಲ, ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಸುತ್ತಲಿನ ನಾಲ್ಕೈದು ಸಂಘಗಳು ತಮ್ಮ ನವಣೆ, ಊದಲು, ಕೊರಲೆಯನ್ನು ಅಲ್ಲಿಗೇ ತಂದರೆ ಸಿಪ್ಪೆ ಬಿಡಿಸುವ ಕೂಲಿ ಕಿಲೋಗೆ 5ರಲ್ಲೇ ನಿಲ್ಲುತ್ತದೆ. ತರದಿದ್ದರೆ ಆ ಕಂತೂ ಬಂದು ಕೂರುವುದು 82 ರೂಪಾಯಿಯ ಪ್ಯಾಕೆಟ್ ಮೇಲೆಯೇ.